ಫ್ರಿಜ್ಜಿನಲ್ಲಿಟ್ಟ ಹಾಲು ಹುಳಿಯಾಗದೆ ಕಹಿಯಾಗುವುದೇಕೆ? ಬ್ಯಾಕ್ಟೀರಿಯಾಗಳ ತಾಪಮಾನದ ಲೆಕ್ಕ, ಹಂತ ಹಂತವಾಗಿ

ಮುಂಬೈ, ಪುಣೆ, ಗೋವಾ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಡೊಂಬಿವಲಿಯವರು ಕೇಳುತ್ತಾರೆ: ಪ್ಯಾಕೆಟ್ ಹಾಲನ್ನು ತಂದ ತಕ್ಷಣ ಫ್ರಿಜ್ಜಿಗೆ ಹಾಕಿದ್ದೆವು, ನಾಲ್ಕನೇ ದಿನ ಕಾಯಿಸಿದರೆ ಒಡೆಯಿತು. ಹುಳಿ ವಾಸನೆ ಇಲ್ಲ, ನಾಲಿಗೆಗೆ ಕಹಿ. ಮಡಗಾಂವಿನವರ ಪ್ರಶ್ನೆ ಬಂಗುಡೆಯದು: ಬೆಳಿಗ್ಗೆ ತಂದ ಮೀನನ್ನು ಫ್ರಿಜ್ಜಿನಲ್ಲೇ ಇಟ್ಟಿದ್ದರೂ ಎರಡನೇ ದಿನಕ್ಕೆ ವಾಸನೆ ಬರುವುದೇಕೆ? ಹಾಗಿದ್ದರೆ ಇಡ್ಲಿ ಹಿಟ್ಟು ಅದೇ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಹೇಗೆ ನಿಲ್ಲುತ್ತದೆ?

ಎಲ್ಲಕ್ಕೂ ಉತ್ತರ ಒಂದೇ ಕಡೆ ಇದೆ. ಫ್ರಿಜ್ ಕೆಡುವುದನ್ನು ನಿಲ್ಲಿಸುವುದಿಲ್ಲ, ಯಾರು ಕೆಡಿಸಬೇಕು ಎಂಬುದನ್ನು ಬದಲಿಸುತ್ತದೆ. ಹೊರಗಿಟ್ಟ ಹಾಲನ್ನು ಕೆಡಿಸುವ ಬ್ಯಾಕ್ಟೀರಿಯಾ ಫ್ರಿಜ್ಜಿನಲ್ಲಿ ಮಂಕಾಗಿ ಕೂರುತ್ತದೆ. ಹೊರಗೆ ಅದರ ಎದುರು ಸೋಲುತ್ತಿದ್ದ ಇನ್ನೊಂದು ಜಾತಿ ಒಳಗೆ ನಿಧಾನವಾಗಿ, ಎದುರಾಳಿಯೇ ಇಲ್ಲದೆ ಬೆಳೆಯುತ್ತದೆ. ಇದನ್ನು ನಿಮ್ಮ ಮನೆಯ ಅಥವಾ ಖಾನಾವಳಿಯ ಫ್ರಿಜ್ಜಿಗೆ ಲೆಕ್ಕ ಹಾಕಿ ನೋಡಿಕೊಳ್ಳುವುದು ಹೇಗೆ ಎಂದು ಇಲ್ಲಿ ಹೇಳಿದೆ.

ಬೇಕಾಗುವ ಸಾಮಾನು

ಚೂಪು ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಒಂದು. ಜ್ವರ ನೋಡುವುದು ಆಗುವುದಿಲ್ಲ. ಸೊನ್ನೆಗಿಂತ ಕೆಳಗಿನಿಂದ ಕುದಿಯುವವರೆಗೆ ತೋರಿಸುವಂಥ ಅಡುಗೆಮನೆಯ ಥರ್ಮಾಮೀಟರ್ ಬೇಕು. ಮುಟ್ಟದೆ ದೂರದಿಂದಲೇ ಅಳೆಯುವ ಗನ್ ಥರ್ಮಾಮೀಟರ್ ಈ ಕೆಲಸಕ್ಕೆ ಬೇಡ, ಅದು ಪಾತ್ರೆಯ ಹೊರಮೈ ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಜೊತೆಗೆ 5.5ರಿಂದ 8ರವರೆಗಿನ ಪಿಎಚ್ ಪಟ್ಟಿ (ಆಮ್ಲದ ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಕಾಗದ), ಒಂದು ಗಾಜಿನ ಲೋಟ, ಐಸ್, ಪ್ಯಾಕೆಟ್ ಮೇಲೆ ದಿನಾಂಕ ಬರೆಯಲು ಮಾರ್ಕರ್ ಪೆನ್.

ಹಂತ 1: ಮೂರು ಅಂಕೆಗಳನ್ನು ಅರ್ಥಮಾಡಿಕೊಳ್ಳಿ

ಪ್ರತಿ ಬ್ಯಾಕ್ಟೀರಿಯಾಕ್ಕೂ ಮೂರು ತಾಪಮಾನಗಳಿವೆ. ಕನಿಷ್ಠ, ಅಂದರೆ ಅದಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಹಿತವಾದದ್ದು, ಅಂದರೆ ಅಲ್ಲಿ ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತದೆ. ಗರಿಷ್ಠ, ಅಂದರೆ ಅದರಾಚೆ ಬೆಳವಣಿಗೆ ನಿಲ್ಲುತ್ತದೆ. ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಇವುಗಳಿಗೆ ಪ್ರಧಾನ ತಾಪಮಾನಗಳು ಎನ್ನುತ್ತಾರೆ.

ಈ ಮೂರೂ ಸಮ ದೂರದಲ್ಲಿ ಇರುವುದಿಲ್ಲ. ಹಿತವಾದ ತಾಪಮಾನ ಯಾವಾಗಲೂ ಗರಿಷ್ಠದ ಹತ್ತಿರ, ಕನಿಷ್ಠದಿಂದ ದೂರ. ಎಷರೀಷಿಯಾ ಕೋಲೈ, ನಮ್ಮ ಕರುಳಿನ ಬ್ಯಾಕ್ಟೀರಿಯಾ, 37 ಡಿಗ್ರಿಯಲ್ಲಿ ಅತಿವೇಗ. 46ರ ಹೊತ್ತಿಗೆ ಸ್ತಬ್ಧ. ಕೆಳಗಡೆ ಮಾತ್ರ 7–8 ಡಿಗ್ರಿಯವರೆಗೂ ತೆವಳುತ್ತಾ ಇಳಿಯುತ್ತದೆ. ಮೇಲೆ ಹೋದರೆ ಅದರ ಪ್ರೋಟೀನುಗಳೇ ಬಿಚ್ಚಿಕೊಂಡು ಕೆಡುವುದರಿಂದ ಬೆಳವಣಿಗೆ ತಟ್ಟನೆ ಕುಸಿಯುತ್ತದೆ. ಕೆಳಗೆ ಬಂದರೆ ಏನೂ ಕೆಡುವುದಿಲ್ಲ, ಎಲ್ಲ ಕೆಲಸ ನಿಧಾನವಾಗುತ್ತದೆ ಅಷ್ಟೆ. ಅದಕ್ಕೇ ಬಿಸಿ ಕೊಲ್ಲುತ್ತದೆ, ತಂಪು ಬರೀ ತಡೆಯುತ್ತದೆ. ಫ್ರಿಜ್ಜಿನಿಂದ ಹೊರತೆಗೆದ ಕೂಡಲೇ ಮೊದಲಿದ್ದವರೆಲ್ಲ ಮತ್ತೆ ಕೆಲಸಕ್ಕೆ ಹತ್ತುತ್ತಾರೆ.

ಈ ಅಂಕೆಗಳ ಮೇಲೆ ನಾಲ್ಕು ಗುಂಪು ಮಾಡಿದ್ದಾರೆ.

*ಶೀತಪ್ರಿಯ* ಬ್ಯಾಕ್ಟೀರಿಯಾ: ರಿಚರ್ಡ್ ಮೊರಿಟ 1975ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಇವುಗಳಿಗೆ 15 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಹಿತ, 20ರಾಚೆ ಬೆಳೆಯುವುದಿಲ್ಲ, ಸೊನ್ನೆಯಲ್ಲೂ ಬೆಳೆಯುತ್ತವೆ. ಇವು ಆಳಸಮುದ್ರದ, ಧ್ರುವಪ್ರದೇಶದ ಜೀವಿಗಳು. 30 ಡಿಗ್ರಿಯ ಮುಂಬೈ ಅಡುಗೆಮನೆಯನ್ನು ದಾಟಿ ನಿಮ್ಮ ಫ್ರಿಜ್ ಸೇರುವುದು ಇವಕ್ಕೆ ಕಷ್ಟ.

*ಶೀತಸಹಿಷ್ಣು*: ನಮ್ಮ ಕಥೆಯ ಮುಖ್ಯ ಪಾತ್ರ ಇದೇ. ಹೆಚ್ಚಿನವಕ್ಕೆ ಹಿತ ಎನಿಸುವುದು 25–30 ಡಿಗ್ರಿ, ಆದರೆ 0ಯಿಂದ 7 ಡಿಗ್ರಿಯಲ್ಲೂ ಬೆಳೆಯಬಲ್ಲವು. ಫ್ರಿಜ್ಜಿನ ಹಾಲು ಕೆಡಿಸುವ ಸ್ಯೂಡೊಮೋನಾಸ್, ರೋಗ ತರುವ ಲಿಸ್ಟೀರಿಯಾ, ಮೀನು ಕೆಡಿಸುವ ಶೆವನೆಲ್ಲಾ ಈ ಗುಂಪಿನವು. ಪತ್ರಿಕೆಗಳಲ್ಲಿ ಫ್ರಿಜ್ಜಿನ ಬ್ಯಾಕ್ಟೀರಿಯಾಗಳನ್ನೆಲ್ಲ ಶೀತಪ್ರಿಯ ಎಂದು ಬರೆಯುತ್ತಾರೆ, ಅದು ತಪ್ಪು. ಅವಕ್ಕೆ ತಂಪು ಪ್ರಿಯವಲ್ಲ, ಸಹಿಸಿಕೊಳ್ಳುತ್ತವೆ.

*ಮಧ್ಯಮತಾಪದವು*: ಸುಮಾರು 10ರಿಂದ 45 ಡಿಗ್ರಿ, ಹಿತ 30–40. ಹಾಲು ಹುಳಿ ಮಾಡುವವು, ಹೊಟ್ಟೆ ಕೆಡಿಸುವವು, ಹೆಚ್ಚಿನವು ಇಲ್ಲಿವೆ.

*ಉಷ್ಣಪ್ರಿಯ*: 45ರಿಂದ 70ರ ಆಸುಪಾಸು, ಹಿತ 55–65. ಡಬ್ಬಿ ಆಹಾರದಲ್ಲಿ ಅನಿಲವಿಲ್ಲದೆ ಹುಳಿ ಬರಿಸುವ ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಫ್ರಿಜ್ಜಿನಲ್ಲಿ ಇವುಗಳ ಚಿಂತೆ ಬೇಡ; ಸಾಧಾರಣ ಕೋಣೆಯ ತಾಪಮಾನವೇ ಇವಕ್ಕೆ ತೀರಾ ತಣ್ಣಗೆ.

ಪುಣೆಯಲ್ಲಿರುವವರಿಗೆ ಇದು ಪ್ರತಿ ಜನವರಿಯಲ್ಲೂ ಕಣ್ಣೆದುರಿಗೇ ಕಾಣುತ್ತದೆ. ರಾತ್ರಿ 10–12 ಡಿಗ್ರಿಗೆ ಇಳಿದಾಗ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆಗೆ ಉಬ್ಬಿರುವುದಿಲ್ಲ. ಹಿಟ್ಟು ಹುದುಗಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಮ್ಮ ಕನಿಷ್ಠದ ಹತ್ತಿರ ಬಂದು ನಿಂತಿರುತ್ತವೆ. ಮೇ ತಿಂಗಳಲ್ಲಿ ಮಾಟುಂಗಾದ ಅಡುಗೆಮನೆಯಲ್ಲಿ ಅದೇ ಹಿಟ್ಟು ಏಳೆಂಟು ಗಂಟೆಗೆ ಹುಳಿ ಮೀರುತ್ತದೆ. ಇಡ್ಲಿ ಹಿಟ್ಟು ಫ್ರಿಜ್ಜಿನಲ್ಲಿ ದಿನಗಟ್ಟಲೆ ನಿಲ್ಲುವುದಕ್ಕೆ ಕಾರಣವೂ ಇಲ್ಲಿದೆ: ಹುದುಗಿಸುವವರು ತಣ್ಣಗಾಗಿ ನಿಧಾನವಾಗಿದ್ದಾರೆ, ಅವರು ಆಗಲೇ ಮಾಡಿಟ್ಟ ಹುಳಿ ಸ್ಯೂಡೊಮೋನಾಸ್‌ನಂಥ ಶೀತಸಹಿಷ್ಣುಗಳನ್ನು ತಡೆಯುತ್ತಿದೆ. ಹಾಲಿಗೆ ಈ ಎರಡನೇ ಕಾವಲು ಇಲ್ಲ.

ಹಂತ 2: ತಂಪಿನಲ್ಲಿ ಕೆಲವಕ್ಕೆ ಮಾತ್ರ ಬೆಳೆಯಲು ಆಗುವುದೇಕೆ

ಇದನ್ನು ಬಿಟ್ಟು ಮುಂದಿನ ಹಂತಕ್ಕೆ ಹೋದರೂ ನಡೆಯುತ್ತದೆ, ಆದರೆ ಕಾರಣ ತಿಳಿದಿದ್ದರೆ ಅಂಕೆಗಳು ನೆನಪಿನಲ್ಲಿ ಉಳಿಯುತ್ತವೆ.

ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇದೆ. ಸಕ್ಕರೆ, ಅಮೈನೋ ಆಮ್ಲಗಳನ್ನು ಒಳಗೆಳೆದುಕೊಳ್ಳುವ ಪ್ರೋಟೀನುಗಳು ಈ ಪೊರೆಯಲ್ಲಿ ತೇಲುತ್ತಾ ಕೆಲಸ ಮಾಡುತ್ತವೆ. ಫ್ರಿಜ್ಜಿನಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಸೂರ್ಯಕಾಂತಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಪೊರೆಯ ಕೊಬ್ಬಿನಲ್ಲೂ ಇದೇ ಎರಡು ಬಗೆ. ಶೀತಸಹಿಷ್ಣು ಬ್ಯಾಕ್ಟೀರಿಯಾ ತಂಪು ತಗುಲಿದೊಡನೆ ಎಣ್ಣೆಯ ಬಗೆಯ, ಅಂದರೆ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಹೆಚ್ಚಿಸಿಕೊಂಡು ಪೊರೆಯನ್ನು ಸಡಿಲವಾಗಿಯೇ ಉಳಿಸಿಕೊಳ್ಳುತ್ತದೆ. ಎಷರೀಷಿಯಾ ಕೋಲೈ ಕೂಡ ಇದನ್ನು ಮಾಡುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ.

ಎರಡನೆಯ ತೊಡಕು ಪ್ರೋಟೀನ್ ತಯಾರಿಕೆಯದು. ತಂಪಿನಲ್ಲಿ ಸಂದೇಶವಾಹಕ ಆರ್‌ಎನ್‌ಎ ತನ್ನ ಮೇಲೆಯೇ ಮಡಚಿಕೊಂಡು ಗಂಟಾಗುತ್ತದೆ, ರೈಬೋಸೋಮ್ ಅದನ್ನು ಓದಲು ಶುರುಮಾಡುವುದೇ ಕಷ್ಟವಾಗುತ್ತದೆ. ಈ ಗಂಟು ಬಿಡಿಸಲು ಬ್ಯಾಕ್ಟೀರಿಯಾಗಳು ಶೀತಾಘಾತ ಪ್ರೋಟೀನುಗಳನ್ನು ತಯಾರಿಸುತ್ತವೆ. 37ರಿಂದ 10 ಡಿಗ್ರಿಗೆ ಒಮ್ಮೆಲೇ ಇಳಿಸಿದಾಗ ಎಷರೀಷಿಯಾ ಕೋಲೈ ಬೆಳವಣಿಗೆಯನ್ನು ಗಂಟೆಗಟ್ಟಲೆ ನಿಲ್ಲಿಸಿ ಇದೇ ಕೆಲಸದಲ್ಲಿ ತೊಡಗುತ್ತದೆ. ಶೀತಸಹಿಷ್ಣುಗಳಲ್ಲಿ ಈ ಏರ್ಪಾಡು ಬಲವಾಗಿರುವುದರಿಂದ ಅವು ಇಷ್ಟು ಎಡವುವುದಿಲ್ಲ. ಇದಲ್ಲದೆ ಅವುಗಳ ಕಿಣ್ವಗಳೂ ಹೆಚ್ಚು ಸಡಿಲ, ಹೆಚ್ಚು ಬಾಗುವಂಥವು.

ಹಂತ 3: ನಿಮ್ಮ ಫ್ರಿಜ್ ಎಷ್ಟು ತಣ್ಣಗಿದೆ ಎಂದು ಅಳೆಯಿರಿ

ಮೊದಲು ಥರ್ಮಾಮೀಟರ್ ಸರಿಯಿದೆಯೇ ನೋಡಿ. ಲೋಟದ ತುಂಬ ಪುಡಿಮಾಡಿದ ಐಸ್ ಹಾಕಿ, ಐಸಿನ ಸಂದುಗಳು ತುಂಬುವಷ್ಟೇ ನೀರು ಸುರಿದು, ಕಲಕಿ ಎರಡು ಮೂರು ನಿಮಿಷ ಬಿಡಿ. ಕಡ್ಡಿಯ ತುದಿ ಲೋಟದ ತಳ ಮುಟ್ಟದಂತೆ ಅದ್ದಿದರೆ 0 ಡಿಗ್ರಿ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಇದ್ದರೆ ಆ ವ್ಯತ್ಯಾಸ ಬರೆದಿಟ್ಟುಕೊಂಡು ಮುಂದೆ ಕೂಡಿ ಕಳೆದುಕೊಳ್ಳಿ. ನೀರು ಹೆಚ್ಚಾಗಿ ಐಸ್ ತೇಲತೊಡಗಿದರೆ ತಳದಲ್ಲಿ ಮೂರ್ನಾಲ್ಕು ಡಿಗ್ರಿಯ ನೀರು ನಿಂತು ಲೆಕ್ಕ ತಪ್ಪುತ್ತದೆ.

ಆಮೇಲೆ ಒಂದು ಲೋಟ ನೀರನ್ನು ಹಾಲಿಡುವ ಜಾಗದಲ್ಲೇ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಸಲವೇ ಆ ನೀರಿನ ತಾಪಮಾನ ನೋಡಿ. ಗಾಳಿಯ ತಾಪಮಾನ ಅಳೆಯಬೇಡಿ. ಬಾಗಿಲು ತೆರೆದ ಕ್ಷಣ ಅದು ಏರುತ್ತದೆ, ಕಂಪ್ರೆಸರ್ ಓಡಿದಾಗ ಇಳಿಯುತ್ತದೆ. ನೀರು ಹಾಲಿನ ಹಾಗೆಯೇ ನಿಧಾನವಾಗಿ ಬದಲಾಗುತ್ತದೆ. ಇದನ್ನೇ ಬಾಗಿಲಿನ ಅರೆಯಲ್ಲಿ, ನಡುವಿನ ಅರೆಯ ಹಿಂಬದಿಯಲ್ಲಿ, ತರಕಾರಿ ಡಬ್ಬದ ಮೇಲಿನ ಅರೆಯಲ್ಲಿ ಮೂರು ಲೋಟ ಇಟ್ಟು ಮಾಡಿದರೆ ನಿಮ್ಮ ಫ್ರಿಜ್ಜಿನ ನಕ್ಷೆಯೇ ಸಿಗುತ್ತದೆ. ಹಾಲಿನ ಪಾತ್ರೆ ಸಾಮಾನ್ಯವಾಗಿ ಇರುವ ಬಾಗಿಲಿನ ಅರೆಯೇ ಎಲ್ಲಕ್ಕಿಂತ ಬೆಚ್ಚಗಿರುತ್ತದೆ.

ಎಡವುವ ಜಾಗ: ಒಳಗಿನ ಗುಂಡಿಯ ಮೇಲಿನ 1, 2, 3, 4 ಎಂಬ ಅಂಕೆಗಳು ಡಿಗ್ರಿಗಳಲ್ಲ. ಬಹುತೇಕ ಫ್ರಿಜ್‌ಗಳಲ್ಲಿ ದೊಡ್ಡ ಅಂಕೆ ಹೆಚ್ಚು ತಂಪು. 4ಕ್ಕೆ ಇಟ್ಟಿದ್ದೇವೆ, ಅಂದರೆ 4 ಡಿಗ್ರಿ ಎಂದು ನಂಬಿದವರು ಬಹಳ. ಗುಂಡಿ ತಿರುಗಿಸಿದ ಮೇಲೆ ಮತ್ತೆ ಒಂದು ರಾತ್ರಿ ಬಿಟ್ಟು ಅಳೆಯಿರಿ.

ಹಂತ 4: ಲೆಕ್ಕ ಹಾಕಿ

1982ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ರಾಟ್ಕೌಸ್ಕಿ ಮತ್ತು ಸಂಗಡಿಗರು ಒಂದು ಸರಳ ಸಂಬಂಧ ತೋರಿಸಿದರು. ಹಿತವಾದ ತಾಪಮಾನಕ್ಕಿಂತ ಕೆಳಗೆ, ಬೆಳವಣಿಗೆಯ ವೇಗದ ವರ್ಗಮೂಲ ತಾಪಮಾನದೊಂದಿಗೆ ನೇರ ಗೆರೆಯಲ್ಲಿ ಏರುತ್ತದೆ:

```
√r = b (T − Tmin)
```

r ಎಂದರೆ ಬೆಳವಣಿಗೆಯ ವೇಗ, T ಆಹಾರದ ತಾಪಮಾನ, b ಆ ಬ್ಯಾಕ್ಟೀರಿಯಾದ ಸ್ಥಿರಾಂಕ. Tmin ಎಂಬುದು ಗೆರೆಯನ್ನು ಸೊನ್ನೆ ವೇಗದವರೆಗೆ ಎಳೆದಾಗ ಸಿಗುವ ಕಾಲ್ಪನಿಕ ಬಿಂದು. ನಿಜವಾದ ಕನಿಷ್ಠ ಇದಕ್ಕಿಂತ ಎರಡು ಮೂರು ಡಿಗ್ರಿ ಮೇಲಿರುತ್ತದೆ. ನಮಗೆ ಬೇಕಾದದ್ದು ಇಷ್ಟೇ: ವೇಗ, Tminನಿಂದ ಎಷ್ಟು ಡಿಗ್ರಿ ಮೇಲಿದ್ದೇವೋ ಅದರ ವರ್ಗಕ್ಕೆ ತಕ್ಕಂತೆ ಇರುತ್ತದೆ.

ಸ್ಯೂಡೊಮೋನಾಸ್‌ಗೆ Tmin ಸುಮಾರು −8, ಮಧ್ಯಮತಾಪದ ಎಷರೀಷಿಯಾ ಕೋಲೈಗೆ ಸುಮಾರು 4 ಎಂದು ಹಿಡಿಯೋಣ. 25 ಡಿಗ್ರಿಯಲ್ಲಿ ಸ್ಯೂಡೊಮೋನಾಸ್ 60 ನಿಮಿಷಕ್ಕೆ ಇಮ್ಮಡಿಯಾಗುತ್ತದೆ, ಕೋಲೈ 50 ನಿಮಿಷಕ್ಕೆ ಎಂದಿಟ್ಟುಕೊಳ್ಳಿ. ಹೊರಗೆ ಕೋಲೈಯದೇ ಮೇಲುಗೈ.

ಈಗ ಎರಡನ್ನೂ 8 ಡಿಗ್ರಿಯ ಫ್ರಿಜ್ಜಿಗೆ ಹಾಕಿ. ಸ್ಯೂಡೊಮೋನಾಸ್ 25ರಲ್ಲಿ ತನ್ನ Tminನಿಂದ 33 ಡಿಗ್ರಿ ಮೇಲಿತ್ತು, 8ರಲ್ಲಿ 16 ಡಿಗ್ರಿ ಮೇಲಿದೆ. 33ರ ವರ್ಗ 1089, 16ರ ವರ್ಗ 256. ಭಾಗಿಸಿದರೆ ವೇಗ ಸುಮಾರು ನಾಲ್ಕೂಕಾಲು ಪಟ್ಟು ಇಳಿಯಿತು, ಅಂದರೆ ಇಮ್ಮಡಿಯಾಗಲು ಸುಮಾರು 4 ಗಂಟೆ 15 ನಿಮಿಷ. ಕೋಲೈ 21 ಡಿಗ್ರಿ ಮೇಲಿದ್ದದ್ದು 4 ಡಿಗ್ರಿಗೆ ಇಳಿಯಿತು. 441ನ್ನು 16ರಿಂದ ಭಾಗಿಸಿದರೆ ಇಪ್ಪತ್ತೇಳೂವರೆ ಪಟ್ಟು ನಿಧಾನ, ಇಮ್ಮಡಿಗೆ ಸುಮಾರು 23 ಗಂಟೆ. ಒಂದು ದಿನ ಕಳೆಯುವುದರೊಳಗೆ ಕೋಲೈ ಎರಡು ಪಟ್ಟಾದರೆ ಸ್ಯೂಡೊಮೋನಾಸ್ ಸುಮಾರು ಐವತ್ತು ಪಟ್ಟಾಗಿರುತ್ತದೆ.

4 ಡಿಗ್ರಿಗೆ ಇಳಿಸಿದರೆ? ಕೋಲೈ ನಿಂತೇ ಹೋಯಿತು. ಸ್ಯೂಡೊಮೋನಾಸ್ ನಿಲ್ಲಲಿಲ್ಲ: 12ರ ವರ್ಗ 144, ಇಮ್ಮಡಿಗೆ ಸುಮಾರು ಏಳೂವರೆ ಗಂಟೆ.

ಈಗ ಇದನ್ನು ಹಾಲಿಗೆ ಹೊಂದಿಸೋಣ. ಹಾಲಿನಲ್ಲಿ ಕೆಟ್ಟ ರುಚಿ ಗೊತ್ತಾಗುವುದು ಪ್ರತಿ ಮಿಲಿಲೀಟರಿಗೆ 10 ಲಕ್ಷದಿಂದ 1 ಕೋಟಿ ಬ್ಯಾಕ್ಟೀರಿಯಾ ಸೇರಿದಾಗ. ಶುರುವಿನಲ್ಲಿ ಪ್ರತಿ ಮಿಲಿಲೀಟರಿಗೆ 10 ಇದ್ದವು ಎಂದು ಇಟ್ಟುಕೊಂಡರೆ ಒಂದು ಕೋಟಿ ಮುಟ್ಟಲು 20 ಸಲ ಇಮ್ಮಡಿಯಾಗಬೇಕು.

4 ಡಿಗ್ರಿಯಲ್ಲಿ 20 ಇಮ್ಮಡಿಗೆ ಸುಮಾರು 150 ಗಂಟೆ, ಆರು ದಿನಕ್ಕಿಂತ ಸ್ವಲ್ಪ ಹೆಚ್ಚು. 8 ಡಿಗ್ರಿಯಲ್ಲಿ 85 ಗಂಟೆ, ಮೂರೂವರೆ ದಿನ. 10 ಡಿಗ್ರಿಯಲ್ಲಿ ಮೂರು ದಿನವೂ ಇಲ್ಲ. ಡೊಂಬಿವಲಿಯ ಹಾಲು ನಾಲ್ಕನೇ ದಿನ ಒಡೆದದ್ದು ಈ ಲೆಕ್ಕದ ಒಳಗೇ ಬರುತ್ತದೆ: ಆ ಮನೆಯ ಬಾಗಿಲಿನ ಅರೆ 8 ಡಿಗ್ರಿ ಇದ್ದರೆ ಸಾಕು. ನಾಲ್ಕು ಡಿಗ್ರಿಯ ವ್ಯತ್ಯಾಸ ಹಾಲಿನ ಆಯಸ್ಸನ್ನು ಹತ್ತಿರ ಹತ್ತಿರ ಅರ್ಧ ಮಾಡುತ್ತದೆ. ಅದಕ್ಕೇ ಫ್ರಿಜ್ 'ತಣ್ಣಗಿದೆ' ಎನ್ನುವ ಮಾತಿಗೆ ಬೆಲೆಯಿಲ್ಲ, ಎಷ್ಟು ಡಿಗ್ರಿ ಎಂಬುದಕ್ಕೆ ಬೆಲೆ.

ಈ ಲೆಕ್ಕದ ಮಿತಿ ಗೊತ್ತಿರಲಿ. ಶುರುವಿನ ಸಂಖ್ಯೆ ಪ್ರತಿ ಪ್ಯಾಕೆಟ್‌ಗೆ ಬೇರೆ. ಹೊಸ ಜಾಗಕ್ಕೆ ಬಂದ ಬ್ಯಾಕ್ಟೀರಿಯಾ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯವನ್ನು ನಾವು ಬಿಟ್ಟಿದ್ದೇವೆ. ಹಿತವಾದ ತಾಪಮಾನ ದಾಟಿದ ಮೇಲೆ ಈ ಸೂತ್ರ ನಡೆಯುವುದಿಲ್ಲ. ಇಷ್ಟು ದಿನ ನಿಲ್ಲುತ್ತದೆ ಎಂಬ ಖಾತರಿಗೆ ಇದನ್ನು ಬಳಸಬೇಡಿ. ಎರಡು ತಾಪಮಾನಗಳನ್ನು ಹೋಲಿಸಲು ಬಳಸಿ.

ಹಂತ 5: ಕೆಡಿಸಿದ್ದು ಯಾರು ಎಂದು ಗುರುತಿಸಿ

ಹಾಲು ಒಡೆದಾಗ ಚೆಲ್ಲುವ ಮೊದಲು ಎರಡು ನಿಮಿಷ ಕೊಡಿ. ಕಾಯಿಸದ ಹಾಲಿನ ಒಂದು ಹನಿಯನ್ನು ಪಿಎಚ್ ಪಟ್ಟಿಯ ಮೇಲೆ ಬಿಡಿ. ಒಳ್ಳೆಯ ಹಾಲು 6.6ರಿಂದ 6.8.

ಪಟ್ಟಿ 6ರ ಕೆಳಗೆ ತೋರಿಸಿದರೆ, ಹುಳಿ ವಾಸನೆಯೂ ಇದ್ದರೆ, ಮಧ್ಯಮತಾಪದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆದಿವೆ. ಅರ್ಥ: ಹಾಲು ಎಲ್ಲೋ ಗಂಟೆಗಟ್ಟಲೆ ಬೆಚ್ಚಗೆ ಕೂತಿತ್ತು. ಅಂಗಡಿಯ ಕ್ರೇಟಿನಲ್ಲಿ, ನಿಮ್ಮ ಬಾಗಿಲಿನ ಚೀಲದಲ್ಲಿ, ಇಲ್ಲವೇ ಕರೆಂಟ್ ಹೋದ ಮಧ್ಯಾಹ್ನ. ಫ್ರಿಜ್ಜಿನ ಗುಂಡಿ ತಿರುಗಿಸುವುದರಿಂದ ಇದು ಸರಿಹೋಗುವುದಿಲ್ಲ, ಹಾಲು ಮನೆಗೆ ಬರುವ ದಾರಿ ನೋಡಬೇಕು.

ಪಟ್ಟಿ 6.5ರ ಆಸುಪಾಸಿನಲ್ಲೇ ಇದ್ದು, ಹಾಲು ಕಾಯಿಸಿದಾಗ ಒಡೆದು, ಕಹಿಯಿದ್ದರೆ, ಇದು ಕಿಣ್ವದ ಕೆಲಸ. ಸ್ಯೂಡೊಮೋನಾಸ್ ಹಾಲಿನ ಪ್ರೋಟೀನ್ ಕತ್ತರಿಸುವ ಕಿಣ್ವವನ್ನು ಹೊರಗೆ ಬಿಡುತ್ತದೆ. ಕತ್ತರಿಸಿದ ತುಣುಕುಗಳು ಕಹಿ. ಕೊಬ್ಬು ಒಡೆಯುವ ಇನ್ನೊಂದು ಕಿಣ್ವದಿಂದ ಹಳೆಯ ಬೆಣ್ಣೆಯ, ಸಾಬೂನಿನ ಕಮಟು ಬರುತ್ತದೆ.

ಚಹಾಕ್ಕೆ ಹಾಕಿದಾಗ ಮೇಲೆ ಬಿಳಿ ಕೆನೆಯ ಚೂರುಗಳು ತೇಲಿ, ಕಲಕಿದರೂ ಕರಗದಿದ್ದರೆ ಅದು ಬ್ಯಾಸಿಲಸ್ ಸೀರಿಯಸ್‌ನ ಗುರುತು. ಕೊಬ್ಬಿನ ಹನಿಗಳ ಸುತ್ತಲಿನ ಪೊರೆಯನ್ನು ಅದರ ಕಿಣ್ವ ತಿಂದು ಹನಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಇದರ ಬೀಜಾಣುಗಳು (ಬಿಸಿಯನ್ನು ತಡೆಯುವ ಗಟ್ಟಿ ಕವಚದ ರೂಪ) ಪಾಶ್ಚರೀಕರಣದಲ್ಲೂ ಸಾಯುವುದಿಲ್ಲ. ಹೆಚ್ಚಿನ ತಳಿಗಳಿಗೆ 10 ಡಿಗ್ರಿಯಾದರೂ ಬೇಕು, ಆದರೆ ಕೆಲವು ತಳಿಗಳು 7 ಡಿಗ್ರಿಗಿಂತ ಕೆಳಗೂ ಬೆಳೆಯುತ್ತವೆ.

ಇಲ್ಲೊಂದು ಸಾಮಾನ್ಯ ತಪ್ಪು. ನಾಲ್ಕು ದಿನ ಪ್ಯಾಕೆಟ್ಟನ್ನು ಹಾಗೇ ಇಟ್ಟು, ಬೇಕಾದಾಗ ಕಾಯಿಸಿದರೆ ಎಲ್ಲ ಸತ್ತುಹೋಗುತ್ತದೆ ಎಂಬ ನಂಬಿಕೆ. ಸ್ಯೂಡೊಮೋನಾಸ್ ಸಾಯುವುದು ನಿಜ, 72 ಡಿಗ್ರಿಯಲ್ಲಿ 15 ಸೆಕೆಂಡ್ ಇಡುವ ಡೈರಿಯ ಪಾಶ್ಚರೀಕರಣಕ್ಕೇ ಅದು ಸಾಯುತ್ತದೆ. ಆದರೆ ಅದು ಬಿಟ್ಟುಹೋದ ಕಿಣ್ವ ಕುದಿತಕ್ಕೆ ಜಗ್ಗುವುದಿಲ್ಲ. ಆದ್ದರಿಂದ ಕಾಯಿಸುವುದಾದರೆ ತಂದ ದಿನವೇ ಕಾಯಿಸಿ. ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಅರ್ಧ ಗಂಟೆಯಲ್ಲಿ ಆರಿಸಿ, ಮುಚ್ಚಿ, ಹಿಂಬದಿಯ ಅರೆಗೆ ಸೇರಿಸಿ. ಆಮೇಲೆ ಬ್ಯಾಕ್ಟೀರಿಯಾ ಮತ್ತೆ ಒಳಗೆ ಬರುವುದು ಒದ್ದೆ ಸೌಟಿನಿಂದ, ಮುಚ್ಚಳದ ಅಡಿಯ ಹನಿಯಿಂದ. ಸೌಟನ್ನು ಹಾಲಿನಲ್ಲೇ ಬಿಡಬೇಡಿ. ಹಳೆ ಹಾಲಿಗೆ ಹೊಸ ಹಾಲು ಸುರಿಯಬೇಡಿ. ಹಳೆಯದರ 15 ಇಮ್ಮಡಿಗಳು ಹೊಸದಕ್ಕೆ ಉಚಿತವಾಗಿ ಸಿಕ್ಕಿಬಿಡುತ್ತವೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಲಿಸ್ಟೀರಿಯಾ ಸೊನ್ನೆಯ ಹತ್ತಿರವೂ ಬೆಳೆಯುತ್ತದೆ, ವಾಸನೆ ರುಚಿ ಬದಲಿಸುವುದಿಲ್ಲ. ಕಾಯಿಸದೆ ತಿನ್ನುವ ಪನೀರು, ಹೆಚ್ಚಿಟ್ಟ ಹಣ್ಣು, ತಣ್ಣನೆಯ ಮಾಂಸದ ಹೋಳುಗಳನ್ನು ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಟ್ಟು ಗರ್ಭಿಣಿಯರಿಗೆ ಕೊಡಬೇಡಿ. ಮೂಸಿ ನೋಡುವ ಪರೀಕ್ಷೆ ಇಲ್ಲಿ ನಡೆಯದು.

ಹಂತ 6: ಬಂಗುಡೆಗೆ ಫ್ರಿಜ್ ಸಾಲದು, ಐಸ್ ಬೇಕು

ಮೀನಿಗೆ ಇದೇ ಸೂತ್ರದ ಸಿದ್ಧರೂಪವೊಂದಿದೆ. ಐಸಿನಲ್ಲಿಟ್ಟ ಮೀನು ಕೆಡುವ ವೇಗ 1 ಎಂದು ಹಿಡಿದರೆ, T ಡಿಗ್ರಿಯಲ್ಲಿ ಅದರ ವೇಗ:

```
(1 + 0.1 × T)²
```

4 ಡಿಗ್ರಿಗೆ ಇದು 1.96, ಅಂದರೆ ಎರಡು ಪಟ್ಟು. 8 ಡಿಗ್ರಿಗೆ 3.24. ಐಸಿನಲ್ಲಿ 8 ದಿನ ನಿಲ್ಲಬಹುದಾದ ಮೀನು ಒಳ್ಳೆಯ ಫ್ರಿಜ್ಜಿನಲ್ಲಿ 4 ದಿನ, ಸಾಧಾರಣ ಫ್ರಿಜ್ಜಿನಲ್ಲಿ ಎರಡೂವರೆ ದಿನ. ಅದೂ ಬಲೆಯಿಂದ ನೇರ ಐಸಿಗೆ ಬಿದ್ದಿದ್ದರೆ. ಮಾರುಕಟ್ಟೆಯ ಬುಟ್ಟಿಯಲ್ಲಿ 30 ಡಿಗ್ರಿಯಲ್ಲಿ ನಾಲ್ಕು ಗಂಟೆ ಕೂತ ಮೀನಿಗೆ ವೇಗ 16. ನಾಲ್ಕು ಗಂಟೆ ಅಂದರೆ ಐಸಿನ 64 ಗಂಟೆ. ಎಂಟು ದಿನದಲ್ಲಿ ಎರಡೂವರೆ ದಿನಕ್ಕೂ ಮಿಕ್ಕಿ ಮನೆಗೆ ಬರುವ ಮೊದಲೇ ಖರ್ಚಾಯಿತು. ಈ ಸೂತ್ರ ರೂಪುಗೊಂಡದ್ದು ತಂಪು ಕಡಲಿನ ಮೀನುಗಳ ಮೇಲೆ. ನಮ್ಮ ಅರಬ್ಬಿ ಸಮುದ್ರದಂಥ ಬೆಚ್ಚಗಿನ ನೀರಿನ ಮೀನಿನ ಮೈಮೇಲೆ ಮಧ್ಯಮತಾಪದ ಬ್ಯಾಕ್ಟೀರಿಯಾ ಹೆಚ್ಚು. ಹಾಗಾಗಿ ಸಾಮಾನ್ಯವಾಗಿ ಅದು ಐಸಿನಲ್ಲಿ ಹೆಚ್ಚು ದಿನ ನಿಲ್ಲುತ್ತದೆ, ಬಿಸಿಲಿನಲ್ಲಿ ಲೆಕ್ಕಕ್ಕಿಂತ ಬೇಗ ಕೆಡುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು: ಮೀನನ್ನು ಕ್ಲೀನ್ ಮಾಡಿ, ಕರುಳು ಕಿವಿರು ತೆಗೆದು, ತಣ್ಣೀರಿನಲ್ಲಿ ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ತೂತಿನ ತಟ್ಟೆಯೊಂದನ್ನು ಇನ್ನೊಂದು ಪಾತ್ರೆಯ ಮೇಲಿಟ್ಟು, ಅಡಿಗೆ ಐಸ್, ನಡುವೆ ಮೀನು, ಮೇಲೆ ಐಸ್. ಕಿಲೋ ಮೀನಿಗೆ ಕಿಲೋ ಐಸ್. ಇಡೀ ಪಾತ್ರೆ ಫ್ರಿಜ್ಜಿನ ಕೆಳ ಅರೆಗೆ. ಕರಗಿದ ನೀರನ್ನು ಬೆಳಿಗ್ಗೆ ಸಂಜೆ ಚೆಲ್ಲಿ ಐಸ್ ತುಂಬಿ. ಫ್ರಿಜ್ 8 ಡಿಗ್ರಿ ಇದ್ದರೂ ಐಸಿನ ನಡುವಿನ ಮೀನು ಸೊನ್ನೆಯ ಹತ್ತಿರವೇ ಇರುತ್ತದೆ.

ಬಂಗುಡೆ, ಕುಪ್ಪ (ಟ್ಯೂನಾ) ಜಾತಿಯವಕ್ಕೆ ಇನ್ನೊಂದು ಅಪಾಯ ಉಂಟು. ಇವುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಹೆಚ್ಚು. ಮಾರ್ಗನೆಲ್ಲಾದಂಥ ಬ್ಯಾಕ್ಟೀರಿಯಾ ಇದನ್ನು ಹಿಸ್ಟಮಿನ್ ಮಾಡುತ್ತವೆ. ತಿಂದವರಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು, ವಾಂತಿ. ಮಧ್ಯಮತಾಪದ ಮಾರ್ಗನೆಲ್ಲಾ 4 ಡಿಗ್ರಿಯಲ್ಲಿ ಬೆಳೆಯುವುದಿಲ್ಲ. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಕಿಣ್ವ ತಯಾರಿಸಿಟ್ಟಿದ್ದರೆ, ಆ ಕಿಣ್ವ ಫ್ರಿಜ್ಜಿನಲ್ಲೂ ಹಿಸ್ಟಮಿನ್ ಮಾಡುತ್ತಲೇ ಹೋಗುತ್ತದೆ. ಹುರಿದರೂ ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ, ಮೀನು ವಾಸನೆ ಬಾರದೆಯೂ ಇರಬಹುದು. ತಣ್ಣಗಿಲ್ಲದ, ಐಸ್ ಕಾಣದ ಬುಟ್ಟಿಯ ಬಂಗುಡೆಯನ್ನು ಅಗ್ಗಕ್ಕೆ ಕೊಟ್ಟರೂ ಬಿಡಿ.

ಹಂತ 7: ಬಿಸಿ ಅಡುಗೆಯನ್ನು ಬೇಗ ದಾಟಿಸಿ

ಖಾನಾವಳಿ, ಟಿಫಿನ್ ನಡೆಸುವವರಿಗೆ ಇದು ಮುಖ್ಯ. ಹತ್ತು ಲೀಟರ್ ಸಾಂಬಾರಿನ ಪಾತ್ರೆಯನ್ನು ಹಾಗೇ ಫ್ರಿಜ್ಜಿಗಿಟ್ಟರೆ ಅಂಚು ತಣ್ಣಗಾಗುತ್ತದೆ, ನಡುಭಾಗ ಗಂಟೆಗಟ್ಟಲೆ 50ರಿಂದ 30 ಡಿಗ್ರಿಯ ನಡುವೆ ತಿರುಗುತ್ತಾ ಇರುತ್ತದೆ. ಕ್ಲಾಸ್ಟ್ರೀಡಿಯಂ ಪರ್‌ಫ್ರಿಂಜೆನ್ಸ್‌ಗೆ 43–47 ಡಿಗ್ರಿ ಹಿತ, ಅಲ್ಲಿ ಅದು 10 ನಿಮಿಷದೊಳಗೆ ಇಮ್ಮಡಿಯಾಗಬಲ್ಲದು. ಅದರ ಬೀಜಾಣು ಕುದಿತದಲ್ಲಿ ಉಳಿದಿರುತ್ತದೆ, ಮಾಂಸದ ಸಾರಿನಲ್ಲಿ ಇದರ ಕಾಟ ಹೆಚ್ಚು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಇದೇ ರೀತಿ ಬೆಳೆದು ವಾಂತಿ ಬರಿಸುವ ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಕೆಡುವುದಿಲ್ಲ.

60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯಲ್ಲಿ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯಲ್ಲಿ ಇಳಿಯಬೇಕು. ಅಗಲ ತಟ್ಟೆಗಳಲ್ಲಿ ಐದು ಸೆಂಟಿಮೀಟರಿಗಿಂತ ಆಳವಿಲ್ಲದಂತೆ ಹರಡಿ, ಐಸ್ ನೀರಿನಲ್ಲಿ ಕೂರಿಸಿ ಕಲಕಿ. ಥರ್ಮಾಮೀಟರ್ ಕಡ್ಡಿಯನ್ನು ನಡುಭಾಗಕ್ಕೆ ಚುಚ್ಚಿ ನೋಡಿ, ಅಂಚಿಗಲ್ಲ. ಬಡಿಸುವವರೆಗೆ ಬಿಸಿಯಾಗಿಡುವುದಾದರೆ 60ರ ಮೇಲೆಯೇ ಇರಲಿ. ಕೈಗೆ ಬಿಸಿ ತಟ್ಟುವ 45 ಡಿಗ್ರಿಯ ಸಾರು ಎಲ್ಲಕ್ಕಿಂತ ಅಪಾಯದ ಜಾಗದಲ್ಲಿದೆ.

ಹಂತ 8: ಕರೆಂಟ್ ಹೋದಾಗ

ಬಾಗಿಲು ಮುಚ್ಚಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಕರೆಂಟ್ ಬಂದೊಡನೆ ಲೋಟದ ನೀರನ್ನು ಅಳೆಯಿರಿ, ಹಾಗೆ ಮಾಡಲು ಒಂದು ಲೋಟ ಯಾವಾಗಲೂ ಒಳಗಿರಲಿ. 12 ಡಿಗ್ರಿಯಲ್ಲಿ ಐದು ಗಂಟೆ ಕಳೆದಿದೆ ಎಂದುಕೊಳ್ಳಿ. ಸ್ಯೂಡೊಮೋನಾಸ್‌ಗೆ 20ರ ವರ್ಗ 400, 4 ಡಿಗ್ರಿಯ 144ಕ್ಕೆ ಹೋಲಿಸಿದರೆ 2.8 ಪಟ್ಟು. ಐದು ಗಂಟೆ ಹದಿನಾಲ್ಕು ಗಂಟೆಯಾಯಿತು. ಅಂದರೆ ಹಾಲಿನ ಆಯಸ್ಸಿನಲ್ಲಿ ಒಂಬತ್ತು ಗಂಟೆಯಷ್ಟು ಹೆಚ್ಚುವರಿಯಾಗಿ ಕಳೆಯಿರಿ, ಇವತ್ತೇ ಕಾಯಿಸಿ ಮುಗಿಸಿ ಅಥವಾ ಹೆಪ್ಪು ಹಾಕಿ. ಮೊಸರು, ಇಡ್ಲಿ ಹಿಟ್ಟಿಗೆ ಹುಳಿ ಹೆಚ್ಚಬಹುದು, ಬೇರೆ ತೊಂದರೆಯಿಲ್ಲ. ಬೇಯಿಸಿದ ಅನ್ನ, ಮಾಂಸದ ಸಾರು, ಐಸಿಲ್ಲದೆ ಇಟ್ಟ ಮೀನು 5 ಡಿಗ್ರಿಗಿಂತ ಮೇಲೆ ಎರಡು ಗಂಟೆಗೂ ಹೆಚ್ಚು ಇದ್ದದ್ದು ಗೊತ್ತಾದರೆ ಚೆಲ್ಲಿಬಿಡಿ. ಅವುಗಳಲ್ಲಿ ಮಧ್ಯಮತಾಪದವು ಎಚ್ಚೆತ್ತಿರುತ್ತವೆ, ಬಿಸಿ ಮಾಡುವುದರಿಂದ ಅವು ಬಿಟ್ಟ ವಿಷ ಹೋಗುವುದಿಲ್ಲ.